ಐದು ದಿನ, ಒಂದೇ ಅಕೌಂಟು: ಜಾಹೀರಾತು ರಿಪೋರ್ಟ್ ಓದಲು ಇಂಟರ್ನ್‌ಗಳನ್ನು ತಯಾರು ಮಾಡುವ ಸೂತ್ರಗಳು

ಕಾಲೇಜು ಮುಗಿಸಿ ನೇರವಾಗಿ ಬಂದ ಹುಡುಗ ಹುಡುಗಿಯರಿಗೆ ಗೂಗಲ್ ಆಡ್ಸ್ ರಿಪೋರ್ಟ್ ತೆರೆದು ತೋರಿಸಿದರೆ ಅವರ ಕಣ್ಣು ಮೊದಲು ಹೋಗುವುದು ಬಣ್ಣದ ಗ್ರಾಫಿನ ಕಡೆಗೆ. ಗೆರೆ ಮೇಲಕ್ಕೆ ಹೋಗಿದ್ದರೆ ಒಳ್ಳೆಯದು, ಕೆಳಕ್ಕೆ ಬಂದಿದ್ದರೆ ಕೆಟ್ಟದ್ದು ಎಂದುಕೊಳ್ಳುತ್ತಾರೆ. ಈ ಅಭ್ಯಾಸ ಗಟ್ಟಿಯಾಗುವ ಮೊದಲೇ ತಪ್ಪಿಸಬೇಕು. ಅದಕ್ಕೆ ಐದು ದಿನ ಸಾಕು, ದಿನಕ್ಕೆ ಎರಡು ಗಂಟೆ ಕೊಟ್ಟರೆ ಸಾಕು. ಆದರೆ ಐದು ದಿನವೂ ಒಂದೇ ಅಕೌಂಟು ಇರಲಿ, ಒಂದೇ ತಿಂಗಳ ಅಂಕಿ ಇರಲಿ.

ಇಲ್ಲಿ ಅಭ್ಯಾಸಕ್ಕೆಂದು ಒಂದು ಲೆಕ್ಕ ಜೋಡಿಸಿಕೊಂಡಿದ್ದೇನೆ. ಬೆಂಗಳೂರಿನ ಜಯನಗರದಲ್ಲಿ ಮನೆ ಮನೆಗೆ ಹೋಗಿ ಆರ್‌ಓ ವಾಟರ್ ಪ್ಯೂರಿಫೈಯರ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ. ಗೂಗಲ್‌ನಲ್ಲಿ ಹುಡುಕುವವರಿಗೆ ಮಾತ್ರ ಕಾಣುವ ಸರ್ಚ್ ಜಾಹೀರಾತು. ದಿನದ ಬಜೆಟ್ 600 ರೂಪಾಯಿ. ಅಂಕಿ ಕಲ್ಪಿತ. ಆದರೆ ಸಣ್ಣ ಸರ್ವಿಸ್ ಅಂಗಡಿಗಳ ಅಕೌಂಟು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು.

ಮೊದಲ ದಿನ

1. ನೋಡಲು ಬಿಡಿ, ಮುಟ್ಟಲು ಬಿಡಬೇಡಿ. ಇಂಟರ್ನ್‌ಗೆ ಅಕೌಂಟಿನಲ್ಲಿ `Read only` ಪ್ರವೇಶ ಮಾತ್ರ ಕೊಡಿ. ಪರದೆಯ ಮೇಲೆ ಗೂಗಲ್ ತೋರಿಸುವ ಶಿಫಾರಸುಗಳ ಪಕ್ಕದಲ್ಲೇ `Apply` ಬಟನ್ ಇರುತ್ತದೆ. ಒಂದು ಒತ್ತಿದರೆ ಬಜೆಟ್ ಏರಬಹುದು, ಕೀವರ್ಡ್ ಬದಲಾಗಬಹುದು. ಕಲಿಯುವವರ ಕೈಯಲ್ಲಿ ಮಾಲೀಕರ ದುಡ್ಡು ಇರಬಾರದು.

2. ನಾಲ್ಕು ಅಂಕಿ ಬಿಟ್ಟು ಉಳಿದ ಕಾಲಮ್‌ಗಳನ್ನೆಲ್ಲ ಮುಚ್ಚಿ. ಉಳಿಯಬೇಕಾದವು `Impr.`, `Clicks`, `Cost`, `Conversions`. ಜಾಹೀರಾತು ಎಷ್ಟು ಸಲ ಕಾಣಿಸಿತು, ಎಷ್ಟು ಸಲ ಒತ್ತಿದರು, ಎಷ್ಟು ದುಡ್ಡು ಹೋಯಿತು, ನಾವು ಬಯಸಿದ ಕೆಲಸ ಎಷ್ಟು ಸಲ ಆಯಿತು, ಇಷ್ಟೇ. ನಮ್ಮ ಅಂಗಡಿಯದು ಹೀಗಿದೆ: 12,000 ಇಂಪ್ರೆಶನ್, 600 ಕ್ಲಿಕ್, 18,000 ರೂಪಾಯಿ ಖರ್ಚು, 45 ಕನ್ವರ್ಷನ್.

12,000 ಎಂದರೆ ಹನ್ನೆರಡು ಸಾವಿರ ಜನ ಅಲ್ಲ ಎಂದು ಆಗಲೇ ಹೇಳಿಬಿಡಿ. ಒಬ್ಬರೇ ಮೂರು ಸಲ ಹುಡುಕಿದರೆ ಮೂರು ಇಂಪ್ರೆಶನ್ ಆಗಬಹುದು.

3. ಉಳಿದದ್ದನ್ನು ಕಾಗದದ ಮೇಲೆ ಭಾಗಿಸಲು ಹೇಳಿ. ಕ್ಲಿಕ್ಕನ್ನು ಇಂಪ್ರೆಶನ್ನಿನಿಂದ ಭಾಗಿಸಿದರೆ 5 ಶೇಕಡಾ, ಅದು ಸಿಟಿಆರ್. ಖರ್ಚನ್ನು ಕ್ಲಿಕ್ಕಿನಿಂದ ಭಾಗಿಸಿದರೆ 30 ರೂಪಾಯಿ, ಅದು ಒಂದು ಕ್ಲಿಕ್ಕಿನ ಬೆಲೆ. ಕನ್ವರ್ಷನ್ನನ್ನು ಕ್ಲಿಕ್ಕಿನಿಂದ ಭಾಗಿಸಿದರೆ 7.5 ಶೇಕಡಾ. ಖರ್ಚನ್ನು ಕನ್ವರ್ಷನ್ನಿನಿಂದ ಭಾಗಿಸಿದರೆ 400 ರೂಪಾಯಿ. ಈಗ ಮುಚ್ಚಿಟ್ಟ ಕಾಲಮ್‌ಗಳನ್ನು ತೆರೆದು ತೋರಿಸಿ. ತಾವು ಬರೆದ ಅಂಕಿಗಳೇ ಪರದೆಯ ಮೇಲೂ ಇರುವುದನ್ನು ಕಂಡಾಗ ರಿಪೋರ್ಟಿನ ಬಗೆಗಿನ ಅರ್ಧ ಭಯ ಹೋಗುತ್ತದೆ.

ಆ ದಿನವೇ ಒಂದು ನಿಯಮ ಮಾಡಿ. ಯಾವ ದರದ ಬಗ್ಗೆ ಮಾತಾಡುವುದಿದ್ದರೂ ಅದು ಯಾವ ಎರಡು ಅಂಕಿಗಳ ಭಾಗಾಕಾರ ಎಂದು ಮೊದಲು ಹೇಳಬೇಕು. "ಸಿಟಿಆರ್ ಬಿದ್ದಿದೆ" ಎಂದು ಯಾರಾದರೂ ಹೇಳಿದರೆ ಮರುಪ್ರಶ್ನೆ ಕೇಳಿ: ಕ್ಲಿಕ್ ಕಡಿಮೆಯಾಯಿತಾ, ಇಂಪ್ರೆಶನ್ ಜಾಸ್ತಿಯಾಯಿತಾ? ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಎರಡನೇ ದಿನ

4. ಕನ್ವರ್ಷನ್ ಎಂದರೆ ಈ ಅಕೌಂಟಿನಲ್ಲಿ ಏನು ಎಂದು ಪತ್ತೆ ಮಾಡಿಸಿ. ಐದು ದಿನದಲ್ಲಿ ಅತಿ ಮುಖ್ಯವಾದದ್ದು ಇದು. ಇಂಪ್ರೆಶನ್, ಕ್ಲಿಕ್, ಖರ್ಚು, ಈ ಮೂರನ್ನು ಗೂಗಲ್ ತಾನೇ ಎಣಿಸುತ್ತದೆ. ನಾಲ್ಕನೆಯದನ್ನು ಮಾತ್ರ ಯಾರೋ ಒಬ್ಬರು ಕೂತು "ಇದನ್ನು ಎಣಿಸು" ಎಂದು ಹೇಳಿಕೊಟ್ಟಿರುತ್ತಾರೆ. ಏನನ್ನು ಎಣಿಸಲು ಹೇಳಿದ್ದಾರೋ ಅದನ್ನೇ ಅದು ಎಣಿಸುತ್ತದೆ, ಸರಿಯೋ ತಪ್ಪೋ ಕೇಳುವುದಿಲ್ಲ.

`Goals` ಒಳಗಿನ `Conversions` ಪುಟ ತೆರೆಸಿ. ನಮ್ಮ ಅಂಗಡಿಯ 45ರಲ್ಲಿ ಎರಡು ಬಗೆ ಸಿಗುತ್ತವೆ. ವೆಬ್‌ಸೈಟಿನಲ್ಲಿ ಫಾರ್ಮ್ ತುಂಬಿದವರು 15. ಮೊಬೈಲ್ ಪುಟದಲ್ಲಿ ಫೋನ್ ನಂಬರ್ ಒತ್ತಿದ್ದು 30 ಸಲ. ಇಲ್ಲಿ ಹುಡುಗರನ್ನು ನಿಲ್ಲಿಸಿ ಕೇಳಿ: ನಂಬರ್ ಒತ್ತಿದರೆ ಫೋನ್ ಹೋಯಿತು ಎಂದು ಅರ್ಥವೇ? ಅಲ್ಲ. ಒತ್ತಿದ ಮೇಲೆ ಡಯಲ್ ಪರದೆ ನೋಡಿ ಹಿಂದೆ ಬಂದವರಿದ್ದಾರೆ, ರಿಂಗ್ ಆಗುವಾಗಲೇ ಕಟ್ ಮಾಡಿದವರಿದ್ದಾರೆ. ಈ ಬಗೆಯ ಎಣಿಕೆಗೆ ಒತ್ತಿದ್ದು ಮಾತ್ರ ಗೊತ್ತು, ಮಾತಾಡಿದ್ದು ಗೊತ್ತಿಲ್ಲ.

ಅದೇ ಪುಟದಲ್ಲಿ `Count` ಎಂಬ ಸೆಟ್ಟಿಂಗನ್ನೂ ನೋಡಿಸಿ. ಅಲ್ಲಿ `Every` ಎಂದಿದ್ದರೆ, ಜಾಹೀರಾತು ಒತ್ತಿ ಬಂದ ಒಬ್ಬರೇ ಮೂರು ಸಲ ನಂಬರ್ ಒತ್ತಿದರೂ ಮೂರು ಕನ್ವರ್ಷನ್. `One` ಎಂದಿದ್ದರೆ ಒಂದೇ. ಸೀರೆ ಮಾರುವ ಅಂಗಡಿಗೆ ಪ್ರತಿ ಖರೀದಿಯೂ ಬೇರೆ ವ್ಯಾಪಾರ, ಹಾಗಾಗಿ ಅಲ್ಲಿ `Every` ಸರಿ. ವಿಚಾರಿಸಿಕೊಂಡು ಬರುವ ಗಿರಾಕಿಯನ್ನು ಎಣಿಸುವ ಕಡೆ `One` ಇರಬೇಕು.

5. ಅಂಗಡಿಯ ನೋಟ್‌ಬುಕ್ ತರಿಸಿ ಪಕ್ಕದಲ್ಲಿಡಿ. ರಿಪೇರಿ ಅಂಗಡಿಗಳಲ್ಲಿ ಫೋನ್ ಎತ್ತುವವರ ಬಳಿ ಒಂದು ಉದ್ದನೆಯ ಪುಸ್ತಕ ಇದ್ದೇ ಇರುತ್ತದೆ. ಹೆಸರು, ಏರಿಯಾ, ತೊಂದರೆ, ಯಾವ ಹುಡುಗ ಹೋದ, ಎಷ್ಟು ಬಂತು, ಎಲ್ಲ ಅದರಲ್ಲಿ ಇರುತ್ತದೆ. ಜಾಹೀರಾತಿನ ಪುಟಕ್ಕೆಂದೇ ಬೇರೆ ಸಿಮ್ ನಂಬರ್ ಹಾಕಿದ್ದರೆ ಯಾವ ಕರೆ ಎಲ್ಲಿಂದ ಬಂತು ಎಂದು ಸುಲಭವಾಗಿ ಗೊತ್ತಾಗುತ್ತದೆ. ಇಲ್ಲದಿದ್ದರೆ "ನಮ್ಮ ನಂಬರ್ ಎಲ್ಲಿ ಸಿಕ್ತು ಸರ್?" ಎಂದು ಕೇಳಿ ಬರೆದಿಡಲು ಅಂಗಡಿಯವರಿಗೆ ಮೊದಲೇ ಹೇಳಿರಬೇಕು.

ನಮ್ಮ ಲೆಕ್ಕದ ಪುಸ್ತಕದಲ್ಲಿ ಜಾಹೀರಾತಿನಿಂದ ಬಂದ ನಿಜವಾದ ವಿಚಾರಣೆ 25: ಫೋನ್ 12, ಫಾರ್ಮ್ 13. ಕೊನೆಗೆ ಮನೆಗೆ ಹೋಗಿ ಮಾಡಿದ ಕೆಲಸ 15. ಈಗ ಮತ್ತೆ ಭಾಗಿಸಲಿ. ಪರದೆಯ ಮೇಲೆ 400 ರೂಪಾಯಿ ಇದ್ದದ್ದು ಒಂದು ವಿಚಾರಣೆಗೆ 720, ಒಂದು ಕೆಲಸಕ್ಕೆ 1,200 ಆಗುತ್ತದೆ. `Cost` ಕಾಲಮ್ಮಿನಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ. 18 ಶೇಕಡಾ ಸೇರಿಸಿದರೆ ಖರ್ಚು 21,240, ಕೆಲಸಕ್ಕೆ 1,416. ಅಂಗಡಿ ಜಿಎಸ್‌ಟಿಯಲ್ಲಿ ನೋಂದಣಿಯಾಗಿದ್ದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದೆ ಪಡೆಯಬಹುದು, ಇಲ್ಲದಿದ್ದರೆ ಅದು ಮಾಲೀಕರ ಕೈಯಿಂದಲೇ ಹೋಗುತ್ತದೆ.

ಪುಸ್ತಕದ ಅಂಚಿನಲ್ಲಿ ಇನ್ನೊಂದು ಸಂಗತಿ ಇದೆ. ಫೋನ್ ಎತ್ತುವ ಅಕ್ಕ ಕೆಲವು ಸಾಲುಗಳ ಮುಂದೆ "ಕಂಪನಿ ಅಂದ್ಕೊಂಡ್ರು, ಕಟ್" ಎಂದು ಗೀಚಿದ್ದಾರೆ. ಅದನ್ನು ಕಂಡ ಇಂಟರ್ನ್ ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಡಿ, ನಾಳೆಗೆ ಇಟ್ಟುಕೊಳ್ಳಲು ಹೇಳಿ.

ಮೂರನೇ ದಿನ

6. ಕೀವರ್ಡ್ ಬೇರೆ, ಜನ ಹುಡುಕಿದ ಮಾತು ಬೇರೆ ಎಂದು ಕಣ್ಣಾರೆ ತೋರಿಸಿ. ನಾವು ಅಕೌಂಟಿನಲ್ಲಿ ಬರೆದಿಡುವುದು ಕೀವರ್ಡ್. ಜನ ಮೊಬೈಲಿನಲ್ಲಿ ಟೈಪ್ ಮಾಡುವುದು ಸರ್ಚ್ ಟರ್ಮ್. ನಮ್ಮ ಅಂಗಡಿಯ ಕೀವರ್ಡ್ `ro service`, ಅದೂ ಯಾವ ಚಿಹ್ನೆಯೂ ಇಲ್ಲದೆ. ಹಾಗೆ ಬರೆದರೆ ಬ್ರಾಡ್ ಮ್ಯಾಚ್, ಅಂದರೆ ಅದಕ್ಕೆ ಸಂಬಂಧಿಸಿದ್ದು ಎಂದು ಗೂಗಲ್‌ಗೆ ಅನ್ನಿಸಿದ ಎಲ್ಲ ಹುಡುಕಾಟಕ್ಕೂ ಜಾಹೀರಾತು ಹೋಗುತ್ತದೆ. ಉದ್ಧರಣ ಚಿಹ್ನೆಯಲ್ಲಿಟ್ಟರೆ ಆ ಅರ್ಥ ಒಳಗೊಂಡ ಹುಡುಕಾಟಗಳು, ಚೌಕ ಆವರಣದಲ್ಲಿಟ್ಟರೆ ಅದೇ ಅರ್ಥದ ಹುಡುಕಾಟಗಳು:

```
ro service
"ro service"
[ro service]
```

`Search terms` ರಿಪೋರ್ಟ್ ತೆರೆದು ಖರ್ಚು ಹೆಚ್ಚಿರುವ ಸಾಲು ಮೇಲೆ ಬರುವಂತೆ ಜೋಡಿಸಿ. ಶೀಟಿಗೆ ಇಳಿಸಿಕೊಂಡು, ಪ್ರತಿ ಸಾಲಿನ ಮುಂದೆ ಹುಡುಗರು ಕೈಯಾರೆ ಗುರುತು ಹಾಕಲಿ. ಆ ವ್ಯಕ್ತಿಗೆ ಏನು ಬೇಕಿತ್ತು ಎಂಬ ಒಂದೇ ಪ್ರಶ್ನೆ. ಇದಕ್ಕೆ ಪೂರಾ ಎರಡು ಗಂಟೆ ಕೊಡಿ, ಅವಸರ ಮಾಡಬೇಡಿ. ರಿಪೋರ್ಟಿನಲ್ಲಿ ಮನುಷ್ಯರ ಮಾತು ಕೇಳಿಸುವ ಜಾಗ ಇದೊಂದೇ.

600 ಕ್ಲಿಕ್ಕಿನಲ್ಲಿ 420 ಕ್ಲಿಕ್ಕಿಗೆ ಮಾತ್ರ ಹುಡುಕಿದ ಮಾತು ಕಾಣುತ್ತದೆ. ಉಳಿದದ್ದನ್ನು ಗೂಗಲ್ ತೋರಿಸುವುದಿಲ್ಲ. ಹೆಚ್ಚು ಜನ ಹುಡುಕದ ಮಾತುಗಳನ್ನು ಅದು 2020ರ ಸೆಪ್ಟೆಂಬರ್‌ನಿಂದ ಮರೆಮಾಡುತ್ತ ಬಂದಿದೆ. ಹಾಗಾಗಿ ಸಾಲುಗಳ ಮೊತ್ತ ಒಟ್ಟು ಮೊತ್ತಕ್ಕೆ ಹೊಂದದಿದ್ದರೆ ಗಾಬರಿಯಾಗುವುದು ಬೇಡ.

ಕಂಡ ಸಾಲುಗಳ ಖರ್ಚು 12,600 ರೂಪಾಯಿ. ಗುರುತು ಹಾಕಿ ಕೂಡಿಸಿದಾಗ ಹೀಗೆ ಬರುತ್ತದೆ. ರಿಪೇರಿಯವರೇ ಬೇಕಿದ್ದವರು, ಅಂದರೆ `ro service near me`, `ro repair jayanagar` ಬಗೆಯವರು, 7,300 ರೂಪಾಯಿ. ಯಾವುದೋ ಪ್ಯೂರಿಫೈಯರ್ ಕಂಪನಿಯ ಹೆಸರಿನ ಜೊತೆ `customer care number`, `toll free` ಎಂದು ಹುಡುಕಿದವರು 3,200. ಹೊಸ ಮೆಷಿನ್ನಿನ ಬೆಲೆ ಕೇಳಿದವರು 1,300. ಟೆಕ್ನಿಷಿಯನ್ ಕೆಲಸ ಹುಡುಕಿದವರು, ಮನೆಯಲ್ಲೇ ಫಿಲ್ಟರ್ ತೊಳೆಯುವುದು ಹೇಗೆಂದು ನೋಡಿದವರು 800.

7. ಅತಿ ಅಗ್ಗದ ಸಾಲನ್ನು ಅತಿ ಹೆಚ್ಚು ಅನುಮಾನದಿಂದ ನೋಡಲು ಕಲಿಸಿ. ಈಗ ಕನ್ವರ್ಷನ್ ಕಾಲಮ್ ತೆರೆಯಿರಿ. ರಿಪೇರಿ ಬೇಕಿದ್ದವರ ಗುಂಪಿನಲ್ಲಿ 20 ಕನ್ವರ್ಷನ್, ತಲಾ 365 ರೂಪಾಯಿ. ಕಸ್ಟಮರ್ ಕೇರ್ ಗುಂಪಿನಲ್ಲಿ 16, ತಲಾ 200 ರೂಪಾಯಿ! ಅಂಕಿ ಮಾತ್ರ ನೋಡುವ ಇಂಟರ್ನ್ ತಕ್ಷಣ ಹೇಳುವುದು, "ಇದೇ ಚೆನ್ನಾಗಿದೆ, ಇದಕ್ಕೇ ಬಜೆಟ್ ಹಾಕೋಣ."

`Segment` ಒಳಗೆ ಕನ್ವರ್ಷನ್ ಬಗೆಯ ಪ್ರಕಾರ ಬಿಡಿಸಿ ನೋಡಿಸಿ. ಆ 16ರಲ್ಲಿ ಒಂದೂ ಫಾರ್ಮ್ ಇಲ್ಲ, ಎಲ್ಲವೂ ನಂಬರ್ ಒತ್ತಿದ್ದು. ನಿನ್ನೆಯ ಪುಸ್ತಕದ "ಕಂಪನಿ ಅಂದ್ಕೊಂಡ್ರು, ಕಟ್" ಎಂಬ ಸಾಲುಗಳಿಗೆ ಉತ್ತರ ಇಲ್ಲಿ ಸಿಗುತ್ತದೆ. ವಾರಂಟಿ ಇರುವವರು ಕಂಪನಿಯ ನಂಬರ್ ಹುಡುಕುತ್ತಾರೆ, ಮೇಲೆ ಕಂಡ ಜಾಹೀರಾತು ಒತ್ತುತ್ತಾರೆ, ಮೊದಲು ಸಿಕ್ಕ ನಂಬರಿಗೇ ಕರೆ ಮಾಡುತ್ತಾರೆ. ಅಂಗಡಿಯ ಹೆಸರು ಕೇಳಿದೊಡನೆ ಇಡುತ್ತಾರೆ. ನಂಬರ್ ಬೇಕೆಂದೇ ಬಂದವರು ನಂಬರನ್ನು ಬೇಗ ಒತ್ತುತ್ತಾರೆ, ಆದ್ದರಿಂದಲೇ ಈ ಸಾಲು ಅಗ್ಗವಾಗಿ ಕಾಣುತ್ತದೆ. ಅದರಿಂದ ಅಂಗಡಿಗೆ ಬಂದ ಕೆಲಸ ಒಂದೂ ಇಲ್ಲ.

ಇದು ಅಷ್ಟಕ್ಕೇ ನಿಲ್ಲುವುದಿಲ್ಲ. ಕ್ಯಾಂಪೇನಿನ ಬಿಡ್ಡಿಂಗ್ `Maximize conversions` ಆಗಿದ್ದರೆ, ಗೂಗಲ್‌ನ ವ್ಯವಸ್ಥೆಗೆ ಈ 16 ಒತ್ತುವಿಕೆಗಳು ಯಶಸ್ಸಾಗಿಯೇ ಕಾಣುತ್ತವೆ. ಅಂಥವರನ್ನೇ ಇನ್ನಷ್ಟು ಹುಡುಕಿ ತರುತ್ತದೆ. ತಪ್ಪು ಎಣಿಕೆ ಮುಂದಿನ ತಿಂಗಳ ಖರ್ಚನ್ನೂ ತಪ್ಪು ದಾರಿಗೆ ಎಳೆಯುತ್ತದೆ.

8. ತಡೆಯುವ ಪಟ್ಟಿಯನ್ನು ಅವರೇ ಬರೆಯಲಿ, ಹಾಕುವುದು ನೀವು. ನೆಗೆಟಿವ್ ಕೀವರ್ಡ್ ಆಗಿ `customer care`, `toll free`, `job`, `salary` ಹೋಗಬೇಕು. `job` ತಡೆದರೆ `jobs` ತಾನಾಗಿ ನಿಲ್ಲುವುದಿಲ್ಲ, ಎರಡನ್ನೂ ಬರೆಯಬೇಕು. ಕಂಪನಿಯ ಹೆಸರನ್ನೇ ತಡೆಯಲು ಹೊರಟರೆ ಕೈ ಹಿಡಿಯಿರಿ. ಆ ಕಂಪನಿಯ ಮೆಷಿನ್ ಮನೆಯಲ್ಲಿಟ್ಟುಕೊಂಡು ಹತ್ತಿರದ ರಿಪೇರಿಯವರನ್ನು ಹುಡುಕುವವರೂ ಅದೇ ಹೆಸರು ಬರೆಯುತ್ತಾರೆ. ಅವರು ಒಳ್ಳೆಯ ಗಿರಾಕಿಗಳು.

ನಾಲ್ಕನೇ ದಿನ

9. ದಿನಾಂಕ ನೋಡದೆ ಹೋಲಿಸುವುದನ್ನು ನಿಲ್ಲಿಸಿ. ಗೂಗಲ್ ಆಡ್ಸ್‌ನ `Conversions` ಕಾಲಮ್ಮು ಕನ್ವರ್ಷನ್ನನ್ನು ಕ್ಲಿಕ್ ಆದ ದಿನಕ್ಕೆ ಬರೆದುಕೊಳ್ಳುತ್ತದೆ, ಫಾರ್ಮ್ ತುಂಬಿದ ದಿನಕ್ಕೆ ಅಲ್ಲ. ಸೋಮವಾರ ಒತ್ತಿ ಗುರುವಾರ ಫಾರ್ಮ್ ತುಂಬಿದರೆ ಅದು ಸೋಮವಾರದ ಲೆಕ್ಕ. ಹಾಗಾಗಿ ಕಳೆದ ಎರಡು ಮೂರು ದಿನದ ಅಂಕಿ ಯಾವಾಗಲೂ ಸೊರಗಿದಂತೆ ಕಾಣುತ್ತದೆ, ಆಮೇಲೆ ತುಂಬಿಕೊಳ್ಳುತ್ತದೆ. ಇದು ಗೊತ್ತಿಲ್ಲದ ಹೊಸಬರು ಪ್ರತಿ ವಾರವೂ "ಈ ವಾರ ಬಿದ್ದುಹೋಗಿದೆ" ಎಂದು ವರದಿ ಮಾಡುತ್ತಾರೆ. ರಿಪೇರಿಯಂಥ ತುರ್ತು ಕೆಲಸದಲ್ಲಿ ತಡ ಕಡಿಮೆ. ಮಕ್ಕಳ ಶಾಲೆಗೆ ಸೇರಿಸುವುದು, ಸೈಟು ಖರೀದಿ, ಇಂಥದ್ದರಲ್ಲಿ ವಾರಗಟ್ಟಲೆ ಆಗಬಹುದು.

ಹೋಲಿಕೆ ಮಾಡುವಾಗ ಪೂರ್ತಿ ವಾರಕ್ಕೆ ಪೂರ್ತಿ ವಾರ ಇರಲಿ. ಒಂದು ಅವಧಿಯಲ್ಲಿ ಎರಡು ಭಾನುವಾರ, ಇನ್ನೊಂದರಲ್ಲಿ ಒಂದೇ ಇದ್ದರೆ ಆ ಹೋಲಿಕೆ ಬಿಟ್ಟುಬಿಡಿ.

ಒಂದು ದಿನ 1,050 ರೂಪಾಯಿ ಖರ್ಚಾಗಿರುವುದು ಕಂಡು ಯಾರಾದರೂ ಓಡಿ ಬರುತ್ತಾರೆ, ಬಜೆಟ್ 600 ಅಲ್ಲವೇ ಎಂದು. ಗೂಗಲ್ ಒಂದೊಂದು ದಿನ ಬಜೆಟ್ಟಿನ ಎರಡರಷ್ಟು ತನಕ ಖರ್ಚು ಮಾಡಬಹುದು. ತಿಂಗಳ ಮಿತಿ ದಿನದ ಬಜೆಟ್ಟಿನ 30.4 ಪಟ್ಟು, ನಮ್ಮ ಲೆಕ್ಕದಲ್ಲಿ 18,240. ಆ ಮಿತಿಯೊಳಗೆ ಇದ್ದರೆ ತೊಂದರೆಯಿಲ್ಲ.

10. ಕಾರಣ ಊಹಿಸುವ ಮೊದಲು `Change history` ತೆರೆಸಿ. ಅಂಕಿ ಯಾವ ದಿನ ತಿರುಗಿತೋ ಆ ದಿನ ಅಕೌಂಟಿನಲ್ಲಿ ಯಾರು ಏನು ಬದಲಿಸಿದರು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಮಾತ್ರ ಹಬ್ಬ, ಮಳೆ, ಪೈಪೋಟಿ ಎಂದು ಯೋಚಿಸಲಿ. ಸಣ್ಣ ಅಂಕಿಯ ಬಗ್ಗೆಯೂ ಇಲ್ಲೇ ಹೇಳಿ: ಒಂದು ಏರಿಯಾದಿಂದ 2 ಕನ್ವರ್ಷನ್, ಇನ್ನೊಂದರಿಂದ 4 ಬಂದರೆ ಅದನ್ನು "ಎರಡು ಪಟ್ಟು" ಎನ್ನಬಾರದು. ಮುಂದಿನ ವಾರ ಅದು ತಲೆಕೆಳಗಾಗಬಹುದು.

ಊರಿನ ಪ್ರಕಾರವೂ ಒಮ್ಮೆ ಬಿಡಿಸಿ ನೋಡಿಸಿ. ಗೂಗಲ್‌ನ ಮೊದಲ ಆಯ್ಕೆಯ ಪ್ರಕಾರ, ಬೆಂಗಳೂರಿನಲ್ಲಿ ಇರುವವರಷ್ಟೇ ಅಲ್ಲ, ಬೆಂಗಳೂರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಹೋಗುತ್ತದೆ. ಹೋಟೆಲಿಗೆ ಅದು ಬೇಕು. ರಿಪೇರಿ ಅಂಗಡಿಗೆ ಬೇಡ.

ಐದನೇ ದಿನ

11. ಮಾಲೀಕರಿಗೆ ಅರ್ಧ ಪುಟ ಕನ್ನಡದಲ್ಲಿ ಬರೆಸಿ. ಸಿಟಿಆರ್, ಸಿಪಿಸಿ ಎಂಬ ಪದಗಳಿಗೆ ಅಲ್ಲಿ ಜಾಗ ಇಲ್ಲ. ಗ್ರಾಫ್ ಬೇಡ. ಎಷ್ಟು ಹೋಯಿತು, ಏನು ಬಂತು, ಎಲ್ಲಿ ಸೋರಿತು, ಏನು ಮಾಡುತ್ತೇವೆ, ಇಷ್ಟು ಬಂದರೆ ಸಾಕು. ಸುಮಾರು ಹೀಗೆ:

"ಸರ್, ಈ ತಿಂಗಳು ಜಾಹೀರಾತಿಗೆ 18,000 ರೂಪಾಯಿ, ಜಿಎಸ್‌ಟಿ ಸೇರಿ 21,240 ಖರ್ಚಾಗಿದೆ. ನಿಮ್ಮ ಪುಸ್ತಕದ ಪ್ರಕಾರ ಅದರಿಂದ 25 ವಿಚಾರಣೆ, 15 ಕೆಲಸ ಬಂದಿವೆ. ಕಂಪನಿಯ ಕಸ್ಟಮರ್ ಕೇರ್ ಹುಡುಕುವವರು ನಮ್ಮ ಜಾಹೀರಾತು ಒತ್ತಿದ್ದರಿಂದ 3,200 ರೂಪಾಯಿ ಕೆಲಸಕ್ಕೆ ಬಾರದೆ ಹೋಗಿದೆ. ಅಂಥ ಹುಡುಕಾಟಗಳನ್ನು ತಡೆಯುತ್ತಿದ್ದೇವೆ. ಮುಂದಿನ ತಿಂಗಳು ರಿಪೋರ್ಟಿನಲ್ಲಿ ಕನ್ವರ್ಷನ್ ಸಂಖ್ಯೆ ಕಡಿಮೆ ಕಾಣಬಹುದು. ದಯವಿಟ್ಟು ಕೆಲಸದ ಸಂಖ್ಯೆಯನ್ನು ನೋಡಿ."

ಕೊನೆಯ ಎರಡು ವಾಕ್ಯ ಯಾಕೆ ಬೇಕು ಎಂದು ಹುಡುಗರೇ ಲೆಕ್ಕ ಹಾಕಲಿ. ಇದೇ ತಿಂಗಳನ್ನು ಆ 3,200 ರೂಪಾಯಿ ಇಲ್ಲದೆ ಊಹಿಸಿಕೊಂಡರೆ ಖರ್ಚು 14,800, ಕನ್ವರ್ಷನ್ 29. ಪರದೆಯ ಮೇಲೆ ಒಂದು ಕನ್ವರ್ಷನ್ನಿನ ಬೆಲೆ 400ರಿಂದ 510ಕ್ಕೆ ಏರುತ್ತದೆ. ನೋಡಿದವರು ಹಾಳಾಯಿತು ಎನ್ನುತ್ತಾರೆ. ಆದರೆ ಕೆಲಸ 15 ಹಾಗೇ ಇದೆ, ಒಂದು ಕೆಲಸದ ಬೆಲೆ 1,200ರಿಂದ 987ಕ್ಕೆ ಇಳಿದಿದೆ. ಉಳಿದ ದುಡ್ಡು ನಿಜವಾದ ಗಿರಾಕಿಗಳ ಕಡೆಗೆ ಹೋದರೆ ಕೆಲಸವೂ ಹೆಚ್ಚಬಹುದು. ಇದನ್ನು ಮಾಲೀಕರಿಗೆ ಮೊದಲೇ ಹೇಳದಿದ್ದರೆ, ಅವರೇ ಮುಂದಿನ ತಿಂಗಳು ಹಳೆಯ ಸೆಟ್ಟಿಂಗಿಗೆ ವಾಪಸ್ ಹೋಗಿ ಎಂದು ಕೇಳುತ್ತಾರೆ.

12. ಪರೀಕ್ಷೆಗೆ ಗೊತ್ತಿಲ್ಲದ ಅಕೌಂಟು ಕೊಡಿ. ಇನ್ನೊಂದು ಅಂಗಡಿಯ ರಿಪೋರ್ಟ್ ತೆರೆದು ಇಪ್ಪತ್ತು ನಿಮಿಷ ಬಿಡಿ. ಉತ್ತರಕ್ಕಿಂತ ಅವರು ಮೊದಲು ಕೇಳುವ ಪ್ರಶ್ನೆಯನ್ನು ಗಮನಿಸಿ. "ಇಲ್ಲಿ ಕನ್ವರ್ಷನ್ ಅಂತ ಏನನ್ನು ಎಣಿಸ್ತಿದ್ದಾರೆ?" ಎಂದು ಕೇಳಿದವರ ಕೈಗೆ ಸೋಮವಾರದಿಂದ ಒಂದು ಅಕೌಂಟಿನ ವಾರದ ವರದಿ ಕೊಡಬಹುದು. "ಸಿಟಿಆರ್ ಚೆನ್ನಾಗಿದೆ" ಎಂದು ಶುರು ಮಾಡಿದವರು ಎರಡನೇ ದಿನದ ಪಾಠವನ್ನು ಇನ್ನೊಮ್ಮೆ ಮಾಡಬೇಕು.